ಮೇ ತಿಂಗಳ ಒಂದೇ ದುಡ್ಡಿಗೆ ನಾಲ್ಕು ಲೆಕ್ಕ: ಯಾವುದನ್ನು ನಂಬಿ ಹಂಚಬೇಕು?

ನಮ್ಮದು ಅಡುಗೆಯ ಯೂಟ್ಯೂಬ್ ಚಾನೆಲ್. ಕಾರವಾರದಲ್ಲಿ ಅಕ್ಕ ಮೀನಿನ ಅಡುಗೆ ಮಾಡುತ್ತಾಳೆ. ಶಿರಸಿ ಕಡೆ ಚಿಕ್ಕಮ್ಮ ಅಪ್ಪೆಹುಳಿ, ತಂಬುಳಿ, ಹಲಸಿನ ಹಪ್ಪಳ ಮಾಡುತ್ತಾರೆ. ಶೂಟಿಂಗ್, ಎಡಿಟಿಂಗ್, ಲೆಕ್ಕ ಬರೆಯೋದು ನನ್ನ ಪಾಲಿನ ಕೆಲಸ. ನನಗೆ ಕೂಲಿ ಇಲ್ಲ, ಎರಡೂ ಕಡೆ ಊಟ ಇದೆ. ಬಂದ ದುಡ್ಡನ್ನು ಯಾರ ವಿಡಿಯೊ ಎಷ್ಟು ದುಡಿಯಿತೋ ಅಷ್ಟಷ್ಟು ಅವರಿಬ್ಬರಿಗೆ ಕೊಡಬೇಕು. ಮಾತು ಇಷ್ಟೇ. ಜಗಳ ಶುರುವಾಗಿದ್ದು "ಎಷ್ಟು ದುಡಿಯಿತು" ಅನ್ನೋ ಕಡೆ.

ಹಾಗಾಗಿ ಮೇ ತಿಂಗಳ ಲೆಕ್ಕವನ್ನು ನಾಲ್ಕು ರೀತಿ ಹಿಡಿದು ನೋಡಿದೆ. ಒಂದು, ದಿನಾ ರಾತ್ರಿ ಮೊಬೈಲ್ ನೋಡಿ ಪಟ್ಟಿಯಲ್ಲಿ ಬರೆದಿದ್ದು. ಎರಡು, ಜೂನ್ 3ಕ್ಕೆ ಯೂಟ್ಯೂಬ್ ಸ್ಟುಡಿಯೋದಲ್ಲಿ, ಅಂದರೆ ಚಾನೆಲ್‌ನ ಲೆಕ್ಕ ತೋರಿಸುವ ಪುಟದಲ್ಲಿ, ಇಡೀ ತಿಂಗಳ ಮೊತ್ತ ನೋಡಿದ್ದು. ಮೂರು, ಅದೇ ಪುಟವನ್ನು ಜೂನ್ 18ಕ್ಕೆ ಮತ್ತೆ ತೆರೆದಿದ್ದು. ನಾಲ್ಕು, ಯೂಟ್ಯೂಬ್ ದುಡ್ಡು ಪಾವತಿಯಾಗುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ ಕೊನೆಗೆ ಜಮಾ ಆಗಿದ್ದು.

ಪಟ್ಟಿಯ ಲೆಕ್ಕ 171.40 ಡಾಲರ್. ಜೂನ್ 3ರ ಸ್ಟುಡಿಯೋ 176.90. ಜೂನ್ 18ರ ಸ್ಟುಡಿಯೋ 163.25. ಕೈಗೆ ಬರಲಿಕ್ಕೆ ಉಳಿದಿದ್ದು 157.55.

ಒಂದೇ ತಿಂಗಳು, ಅವೇ ವಿಡಿಯೊಗಳು. ನಾನು ಕೂಡಿಸಿದ್ದು ತಪ್ಪಾಯಿತೇನೋ ಅಂತ ಎರಡು ಸಲ ಲೆಕ್ಕ ಹಾಕಿದೆ. ತಪ್ಪಿರಲಿಲ್ಲ.

ಮೊದಲು ಪಟ್ಟಿಯ ಕತೆ. ಒಂದು ದಿನದ ಆದಾಯ ಸ್ಟುಡಿಯೋದಲ್ಲಿ ಕಾಣೋದು ಸುಮಾರು ಎರಡು ದಿನ ಬಿಟ್ಟು. ಮೇ 9ರ ಸಾಲನ್ನು ನಾನು 11ನೇ ತಾರೀಖು ರಾತ್ರಿ ಬರೆದುಕೊಂಡೆ, 6.84 ಡಾಲರ್. ಒಂದು ವಾರ ಕಳೆದು 18ಕ್ಕೆ ಅದೇ ದಿನವನ್ನು ಮತ್ತೆ ನೋಡಿದರೆ 7.12 ಆಗಿತ್ತು. ಜೂನ್ 18ಕ್ಕೆ ನೋಡಿದಾಗ 6.31. ಅಂದರೆ ಮೊದಲು ಏರಿ, ಆಮೇಲೆ ಇಳಿಯಿತು.

ಇದು ಆಕಸ್ಮಿಕ ಅಲ್ಲ. `Estimated revenue` ಅಂತ ಅಲ್ಲೇ ಬರೆದಿರುತ್ತದೆ, ನಾವು ಮೊದಲ ಪದ ಬಿಟ್ಟು ಎರಡನೆಯದು ಮಾತ್ರ ಓದುತ್ತೇವೆ ಅಷ್ಟೇ. ಆ ಅಂದಾಜನ್ನು ಯೂಟ್ಯೂಬ್ ಎರಡು ಸಲ ತಿದ್ದುತ್ತದೆ. ಒಂದು ವಾರದ ಹೊತ್ತಿಗೆ ಮೊದಲ ತಿದ್ದುಪಡಿ. ತಡವಾಗಿ ಬಂದ ಲೆಕ್ಕಗಳೆಲ್ಲ ಸೇರಿ ಅಂಕಿ ತುಂಬಿಕೊಳ್ಳೋದು ಆಗ. ಮುಂದಿನ ತಿಂಗಳ ನಡುವಿಗೆ ಎರಡನೆಯದು. ಕಡಿಯೋದನ್ನು ಕಡಿದು ನಿಖರ ಮಾಡೋದು ಆಗ.

ಮೊದಲ ವಾರದಲ್ಲಿ ಯಾಕೆ ಬದಲಾಗುತ್ತದೆ? ಎಲ್ಲ ಜಾಹೀರಾತಿಗೂ ತೋರಿಸಿದ ಕ್ಷಣಕ್ಕೇ ಬೆಲೆ ಗೊತ್ತಿರೋದಿಲ್ಲ. ಕೆಲವು ಜಾಹೀರಾತುದಾರರು ದಿನಕ್ಕೆ ಇಷ್ಟು ಅಂತ ಗುತ್ತಿಗೆ ಮಾತಾಡಿರುತ್ತಾರೆ. ದೋಣಿಯನ್ನು ದಿನಬಾಡಿಗೆಗೆ ಹಿಡಿದ ಹಾಗೆ. ಬುಟ್ಟಿಗೆ ಎಷ್ಟು ಬಿತ್ತು ಅನ್ನೋದು ದೋಣಿ ದಡಕ್ಕೆ ಬಂದು ಬುಟ್ಟಿ ಎಣಿಸಿದ ಮೇಲೆ ತಾನೇ ಗೊತ್ತಾಗೋದು? ಶಾರ್ಟ್ಸ್ ದುಡ್ಡಂತೂ ತಿಂಗಳ ಒಟ್ಟು ಹಣವನ್ನು ಒಂದು ಕಡೆ ಸೇರಿಸಿ ಹಂಚುವಂಥದ್ದು. ತಿಂಗಳು ಮುಗಿಯದೆ ಅದರ ಪಾಲು ಗಟ್ಟಿಯಾಗೋದಿಲ್ಲ.

ಹಾಗಾಗಿ ನನ್ನ ಪಟ್ಟಿಯಲ್ಲಿ ಪ್ರತಿ ದಿನವೂ ಅರ್ಧ ಬೆಂದ ಅಂಕಿ. ಜೂನ್ 3ಕ್ಕೆ ಪಟ್ಟಿಗಿಂತ ಸ್ಟುಡಿಯೋ ಐದೂವರೆ ಡಾಲರ್ ಜಾಸ್ತಿ ತೋರಿಸಿದ್ದು ಇದಕ್ಕೇ. ಮೇ ಮೊದಲ ಮೂರು ವಾರದ ದಿನಗಳು ಆಗಲೇ ತುಂಬಿಕೊಂಡಿದ್ದವು. ಕೊನೆಯ ವಾರದ್ದು ಇನ್ನೂ ಹಸಿ. ಒಂದೇ ಮೊತ್ತದಲ್ಲಿ ಬೆಂದಿದ್ದೂ ಹಸಿಯೂ ಸೇರಿತ್ತು.

ಪಟ್ಟಿಯಿಂದ ಇನ್ನೊಂದು ಫಜೀತಿಯೂ ಆಯಿತು. ಸ್ಟುಡಿಯೋದ ದಿನ ನಮ್ಮ ದಿನ ಅಲ್ಲ, ಅಮೆರಿಕದ ಪಶ್ಚಿಮ ಕರಾವಳಿಯ ದಿನ. ಬೇಸಿಗೆಯಲ್ಲಿ ಅಲ್ಲಿ ಮಧ್ಯರಾತ್ರಿ ಆದಾಗ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಅವರ ಚಳಿಗಾಲದಲ್ಲಿ ಒಂದೂವರೆ. ಚಿಕ್ಕಮ್ಮನ ಹಪ್ಪಳದ ವಿಡಿಯೊವನ್ನು ನಾನು ಮೇ 1ರ ಬೆಳಿಗ್ಗೆ ಎಂಟಕ್ಕೆ ಹಾಕಿದ್ದೆ. ಮೊದಲ ನಾಲ್ಕೂವರೆ ತಾಸಿನ ನೋಟ ಪೂರ್ತಿ ಏಪ್ರಿಲ್ 30ರ ಖಾತೆಗೆ ಹೋಯಿತು. ಏಪ್ರಿಲ್ ತಿಂಗಳಲ್ಲಿ ಇಲ್ಲದ ವಿಡಿಯೊಗೆ ಏಪ್ರಿಲ್‌ನಲ್ಲಿ ಆದಾಯ! ಅಕ್ಕ ಇದನ್ನು ಹಿಡಿದುಕೊಂಡು ಅರ್ಧ ತಾಸು ನನ್ನನ್ನು ವಿಚಾರಣೆ ಮಾಡಿದಳು. ಈಗ ತಿಂಗಳ ಮೊದಲ ವಿಡಿಯೊವನ್ನು ಮಧ್ಯಾಹ್ನ ಊಟ ಮುಗಿಸಿಯೇ ಹಾಕೋದು.

ನೋಟಗಳ ಸಂಖ್ಯೆಯೂ ಹೀಗೇ. ಕಳೆದ 48 ತಾಸಿನದು ಅಂತ ಓಡುತ್ತಾ ಇರುವ ಅಂಕಿ ಕೂಡ ಅಂದಾಜೇ. ಸುಳ್ಳು ನೋಟ ತೆಗೆದ ಮೇಲೆ ಕೆಳಗೆ ಬರಬಹುದು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳೋದು ಬಿಟ್ಟಿದ್ದೇನೆ. ಅದರ ಮೇಲೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲವಲ್ಲ.

ಈಗ ಇಳಿದ ಕತೆ. ಇದರಲ್ಲಿ ನನ್ನ ತಪ್ಪಿದೆ. ಜೂನ್ 3ಕ್ಕೆ ಪಟ್ಟಿ ಮುಗಿಸಿ, ಅವತ್ತೇ ಉತ್ಸಾಹದಲ್ಲಿ ನನ್ನ ಕಿಸೆಯಿಂದ ಇಬ್ಬರಿಗೂ ಹಾಕಿಬಿಟ್ಟೆ. ಪಟ್ಟಿಯ ಪ್ರಕಾರ ಚಿಕ್ಕಮ್ಮನಿಗೆ 106 ಡಾಲರ್, ಅಕ್ಕನಿಗೆ 65.40. ರೂಪಾಯಿಗೆ ಬದಲಿಸಿದ್ದು ಫೋನಿನಲ್ಲಿ ಕಂಡ ದರದಲ್ಲಿ. ಜೂನ್ 18ಕ್ಕೆ ಸ್ಟುಡಿಯೋ ತೆರೆದರೆ ಚಿಕ್ಕಮ್ಮನ ವಿಡಿಯೊಗಳದ್ದು 97.95ಕ್ಕೆ ಕುಸಿದಿದೆ. ಅಕ್ಕನದ್ದು 65.30, ಹತ್ತು ಸೆಂಟ್ ಮಾತ್ರ ಕಡಿಮೆ. ಕತ್ತರಿ ಹೆಚ್ಚುಕಡಿಮೆ ಪೂರ್ತಿ ಹಪ್ಪಳದ ಮೇಲೇ ಬಿದ್ದಿತ್ತು.

ತಿಂಗಳ ನಡುವಿನ ತಿದ್ದುಪಡಿಯಲ್ಲಿ ಹೋಗುವ ದೊಡ್ಡ ಬಾಬ್ತು ಅಕ್ರಮ ನೋಟ ಮತ್ತು ಅಕ್ರಮ ಕ್ಲಿಕ್. ಯಾವ ವಿಡಿಯೊದಲ್ಲಿ ಯಾವ ಕ್ಲಿಕ್ ಹೋಯಿತು ಅಂತ ಸ್ಟುಡಿಯೋ ಬಿಡಿಸಿ ಹೇಳೋದಿಲ್ಲ. ನನಗೆ ಹೇಳಿದ್ದು ಚಿಕ್ಕಮ್ಮನ ಮೊಮ್ಮಗ. ಹಾಸ್ಟೆಲ್‌ನಿಂದ ಬಂದಿದ್ದ. "ನಾನು ಗೆಳೆಯರಿಗೆಲ್ಲ ಹೇಳಿದ್ದೆ ಮಾವ, ಅಜ್ಜಿ ವಿಡಿಯೊದಲ್ಲಿ ಆಡ್ ಬಂದ ಕೂಡಲೇ ಒತ್ತಿ ಅಂತ. ಎಲ್ಲರೂ ದಿನಾ ಒತ್ತುತ್ತಿದ್ದರು" ಅಂದ, ಬಹುಮಾನ ಕೊಡುತ್ತಾರೆ ಅನ್ನುವ ಮುಖ ಮಾಡಿಕೊಂಡು. ಒಂದೇ ವೈಫೈ, ಒಂದೇ ವಿಡಿಯೊ, ದಿನಾ ಅದೇ ಹುಡುಗರು. ಅಂಥ ಕ್ಲಿಕ್ ಮೊದಲು ಅಂದಾಜಿನಲ್ಲಿ ಕಂಡರೂ ಆಮೇಲೆ ಕಳೆದುಹೋಗುತ್ತದೆ. ಜಾಸ್ತಿಯಾದರೆ ಚಾನೆಲ್‌ನ ದುಡ್ಡೇ ನಿಲ್ಲಬಹುದು. ಅವನಿಗೆ ಹಪ್ಪಳ ಕೊಟ್ಟು ಕಳಿಸಿದೆವು, ಫೋನ್ ಮುಟ್ಟಬೇಡ ಅಂತ ಹೇಳಿ.

ಅಂಕಿ ಕೆಳಗೆ ಬಂದರೆ ಕಾರಣ ಯಾವಾಗಲೂ ಇದೇ ಅಂತಲ್ಲ. ಕಾಪಿರೈಟ್ ಕ್ಲೇಮ್ ಬಿದ್ದಿದ್ದರೂ ಅಂದಾಜು ಅಲುಗಾಡುತ್ತದೆ. ಆದರೆ ಅದು ಸ್ಟುಡಿಯೋದ ವಿಡಿಯೊ ಪಟ್ಟಿಯಲ್ಲಿ ಆ ವಿಡಿಯೊ ಎದುರಿಗೇ ಕಾಣುತ್ತದೆ. ಕ್ಲೇಮ್ ಬಿದ್ದ 5 ದಿನದೊಳಗೆ ತಕರಾರು ಹಾಕಿದರೆ ಕ್ಲೇಮ್ ಬಿದ್ದ ಮೊದಲ ದಿನದಿಂದಲೇ ದುಡ್ಡು ಬದಿಗಿಟ್ಟು, ಗೆದ್ದವರಿಗೆ ಕೊಡುತ್ತಾರೆ. ತಡ ಮಾಡಿದರೆ ತಕರಾರು ಹಾಕಿದ ದಿನದಿಂದ ಮಾತ್ರ. ಕ್ಲೇಮ್ ಯಾವುದೂ ಇಲ್ಲದೆ, ಹೋದ ತಿಂಗಳ ಹಳೆಯ ದಿನಗಳೇ ಕುಗ್ಗಿದ್ದರೆ ಅಕ್ರಮ ಕ್ಲಿಕ್ ಕಡೆ ಅನುಮಾನ ಪಡಬಹುದು.

ನಾಲ್ಕನೆಯದು ಆಡ್‌ಸೆನ್ಸ್. ಹೋದ ತಿಂಗಳ ಅಂತಿಮ ಲೆಕ್ಕ ಇಲ್ಲಿ 7ರಿಂದ 12ನೇ ತಾರೀಖಿನ ಒಳಗೆ ಬಂದು ಕೂರುತ್ತದೆ. 100 ಡಾಲರ್ ದಾಟಿದ್ದು, ಬೇರೆ ತಡೆ ಏನೂ ಇಲ್ಲದಿದ್ದರೆ 21ರಿಂದ 26ರ ಒಳಗೆ ಪಾವತಿ ಹೊರಡುತ್ತದೆ. ನಮ್ಮ ಮೇ ಲೆಕ್ಕ ಇಲ್ಲಿ 163.25 ಅಂತಲೇ ಬಂತು, ಆಮೇಲೆ ಸ್ಟುಡಿಯೋದಲ್ಲಿ ಕಂಡ ಅಂಕಿಯೇ. ಆದರೆ ಅದರ ಕೆಳಗೆ ಇನ್ನೊಂದು ಸಾಲು: ತೆರಿಗೆ ಕಡಿತ 5.70.

ಈ ಸಾಲು ಸ್ಟುಡಿಯೋದ ಅಂದಾಜು ಆದಾಯದ ಪುಟದಲ್ಲಿ ಎಷ್ಟು ಹುಡುಕಿದರೂ ಸಿಗೋದಿಲ್ಲ. ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಪಾಲಿಗೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ಭಾರತದವರು ತೆರಿಗೆ ಅರ್ಜಿ ತುಂಬಿ ಎರಡು ದೇಶಗಳ ತೆರಿಗೆ ಒಪ್ಪಂದದ ದರ ಕೇಳಿದ್ದರೆ ಶೇ. 15. ನಮಗೆ ಅಲ್ಲಿಂದ ಬಂದಿದ್ದು 38 ಡಾಲರ್, ಅದರ ಶೇ. 15 ಅಂದರೆ 5.70. ಸರಿಯಾಯಿತು. ಅರ್ಜಿಯನ್ನೇ ತುಂಬದಿದ್ದರೆ ಕತ್ತರಿ ದೊಡ್ಡದು, ಅಮೆರಿಕದ ಪಾಲಿಗೆ ಮಾತ್ರ ಅಲ್ಲ, ಒಟ್ಟು ಗಳಿಕೆಗೂ ಬೀಳಬಹುದು. ಇನ್ನು ಬ್ಯಾಂಕ್ ತನ್ನ ದರ, ತನ್ನ ಶುಲ್ಕ ಹಾಕುತ್ತದೆ. ಫೋನಿನಲ್ಲಿ ಕಾಣುವ ದರ ನಮ್ಮ ಪಾಸ್‌ಬುಕ್ಕಿಗೆ ಯಾವತ್ತೂ ಬಂದಿಲ್ಲ.

ಹಾಗಾದರೆ ಆಡ್‌ಸೆನ್ಸ್ ಅಂಕಿಯನ್ನೇ ಹಿಡಿದು ಹಂಚಿದರೆ ಮುಗಿಯಿತಲ್ಲ? ಇಲ್ಲ. ಅಲ್ಲಿ ತಿಂಗಳಿಗೆ ಒಂದೇ ಮೊತ್ತ. ಹಪ್ಪಳಕ್ಕೆ ಎಷ್ಟು, ಬಂಗಡೆಗೆ ಎಷ್ಟು ಅನ್ನೋದು ಇಲ್ಲ. ವಿಡಿಯೊವಾರು ಲೆಕ್ಕ ಇರೋದು ಸ್ಟುಡಿಯೋದಲ್ಲಿ, ಕೈಗೆ ಬರುವ ಮೊತ್ತ ಇರೋದು ಆಡ್‌ಸೆನ್ಸ್‌ನಲ್ಲಿ. ನಾನು ಇಷ್ಟು ದಿನ ಎರಡನ್ನೂ ಒಂದೇ ಕಡೆ ಹುಡುಕುತ್ತಿದ್ದೆ.

ಈಗ ಹೀಗೆ ಮಾಡುತ್ತೇನೆ. 18ನೇ ತಾರೀಖಿನ ಮೇಲೆ ಸ್ಟುಡಿಯೋದ `Advanced mode` ತೆರೆದು, ಹೋದ ತಿಂಗಳನ್ನು ಆರಿಸಿ, ವಿಡಿಯೊವಾರು ಆದಾಯದ ಫೈಲ್ ಇಳಿಸಿಕೊಳ್ಳುತ್ತೇನೆ. ಅದರಿಂದ ಮೊತ್ತ ತೆಗೆದುಕೊಳ್ಳೋದಿಲ್ಲ, ಪ್ರಮಾಣ ಮಾತ್ರ. ಮೊತ್ತ ಆಡ್‌ಸೆನ್ಸ್‌ನದ್ದು. ಶೀಟಿನಲ್ಲಿ B2 ಅಂದರೆ ಒಬ್ಬರ ವಿಡಿಯೊಗಳ ಆದಾಯ, B4 ಒಟ್ಟು, E1 ಕೈಗೆ ಬಂದಿದ್ದು:

```
=B2/B4*E1
```

ಮೇ ತಿಂಗಳಿಗೆ 97.95ನ್ನು 163.25ರಿಂದ ಭಾಗಿಸಿದರೆ 0.60. ಅದನ್ನು 157.55ಕ್ಕೆ ಗುಣಿಸಿದರೆ ಚಿಕ್ಕಮ್ಮನಿಗೆ 94.53, ಉಳಿದ 63.02 ಅಕ್ಕನಿಗೆ. ಇದರಲ್ಲೂ ಒಂದು ಓರೆ ಇದೆ. ಅಮೆರಿಕದಿಂದ ನೋಡುವವರು ಹೆಚ್ಚು ಇರೋದು ಚಿಕ್ಕಮ್ಮನ ವಿಡಿಯೊಗೆ, ಹಾಗಾಗಿ ತೆರಿಗೆಯ ದೊಡ್ಡ ಪಾಲು ಅವರ ಲೆಕ್ಕಕ್ಕೇ ಬರಬೇಕು. ದೇಶವಾರು ಸೋಸಿ ಅದನ್ನೂ ಬಿಡಿಸಬಹುದು. ಆರು ಡಾಲರ್‌ಗೆ ಅಷ್ಟು ಕೂದಲು ಸೀಳೋದು ಬೇಡ ಅಂತ ಅಕ್ಕನೇ ಅಂದಳು.

ಜೂನ್ 3ರ ಸ್ಟುಡಿಯೋ ಮೊತ್ತ ಇದೆಯಲ್ಲ, ನಾಲ್ಕರಲ್ಲಿ ನನಗೆ ಅತ್ಯಂತ ಕೆಟ್ಟದ್ದು ಅದೇ. ನೋಡಲು ಪೂರ್ತಿ ತಿಂಗಳ ಲೆಕ್ಕದಂತೆ ಇರುತ್ತದೆ, ಅಂಕಿಯೂ ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ನಂಬಿಕೆ ಬಂದುಬಿಡುತ್ತದೆ. ಪಟ್ಟಿಯನ್ನು ಮಾತ್ರ ನಾನು ಬಿಟ್ಟಿಲ್ಲ. ದುಡ್ಡಿಗಲ್ಲ, ಯಾವ ವಿಡಿಯೊ ಯಾವ ದಿನ ಏರಿತು ಅಂತ ನೋಡಲಿಕ್ಕೆ. ಅದಕ್ಕೂ ಒಂದು ವಾರ ಹಳೆಯ ದಿನವನ್ನು ಇನ್ನೊಂದು ವಾರ ಹಳೆಯ ದಿನದ ಜೊತೆ ಹೋಲಿಸಬೇಕು. ಮೊನ್ನೆಯ ಅಂಕಿಯನ್ನು ಕಳೆದ ತಿಂಗಳ ಅಂಕಿಯ ಪಕ್ಕ ಇಟ್ಟರೆ ಸುಮ್ನೆ ಗಾಬರಿ.

ಇಷ್ಟೆಲ್ಲ ಆದ ಮೇಲೆ ಚಿಕ್ಕಮ್ಮನಿಗೆ 11.47 ಡಾಲರ್ ಜಾಸ್ತಿ ಹೋಗಿದೆ ಅಂತ ಫೋನ್ ಮಾಡಿದೆ. "ಕೊಟ್ಟಾದ ಮೇಲೆ ತಿರುಗಿ ಕೇಳ್ತಾರೇನೋ ತಮಾ?" ಅಂದರು. ಹಾಗಾದರೆ ಮುಂದಿನ ತಿಂಗಳು ಮುರಿದುಕೊಳ್ಳುತ್ತೇನೆ ಅಂದೆ. ಒಪ್ಪಿದರು. ಒಂದೇ ಸಲ ಬೇಡ, ಎರಡು ಕಂತಲ್ಲಿ ಮುರಿ ಅಂದರು. ಅಕ್ಕನ 2.38 ಡಾಲರನ್ನು ಅವಳು ಅವತ್ತೇ ಬಂಗಡೆ ಸಾರಿನಲ್ಲಿ ತೀರಿಸಿದಳು.