ಗುಗ್ಗೆ ತೆಗೆದ ಮೇಲೂ ಕಿವಿ ಗುಂಯ್ ಅಂತಿದ್ರೆ ಸುಮ್ನೆ ಕೂರಬೇಡಿ (ಚಿಕ್ಕಮಗಳೂರು, ಹಾಸನ ಕಡೆಯವರು ಓದಿ)

ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದ ಆಗಿ, ಅದರೊಳಗೆ ಗುಂಯ್ ಅನ್ನೋ ಸದ್ದು ಶುರುವಾದರೆ, "ಗುಗ್ಗೆ ಇರಬೇಕು, ಡ್ರಾಪ್ಸ್ ಹಾಕಿ, ಮುಂದಿನ ವಾರ ಬನ್ನಿ" ಅನ್ನುವ ಮಾತಿಗೆ ತಲೆಯಾಡಿಸಿ ಬರಬೇಡಿ. ಆ ಒಂದು ವಾರದಲ್ಲೇ ನನ್ನ ಬಲಗಿವಿ ಹಾಳಾಯ್ತು. ಇದನ್ನು ಬರೆಯುವಾಗಲೂ ಅದು ಗುಂಯ್ ಅಂತಲೇ ಇದೆ.

ಚಿಕ್ಕಮಗಳೂರಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ದಿನವಿಡೀ ಫೋನು. ಒಂದು ಬೆಳಿಗ್ಗೆ ಎದ್ದಾಗ ಬಲಗಿವಿಗೆ ಹತ್ತಿ ತುರುಕಿದ ಹಾಗಿತ್ತು. ನೋವಿಲ್ಲ, ಸೋರಿಕೆ ಇಲ್ಲ, ನೆಗಡಿಯೂ ಇಲ್ಲ. ಫೋನನ್ನು ಬಲಗಿವಿಗೆ ಇಟ್ಟರೆ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗೋದಿಲ್ಲ. ಡಬ್ಬದೊಳಗಿಂದ ಮಾತಾಡಿದ ಹಾಗೆ. ಎಡಗಿವಿಗೆ ಹಿಡಿದರೆ ಎಲ್ಲ ಸ್ಪಷ್ಟ.

ಅವತ್ತೇ ಕ್ಲಿನಿಕ್‌ಗೆ ಹೋದೆ. ಅವತ್ತೇ! ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಅಲ್ಲಿನ ಡಾಕ್ಟ್ರು "ನೀವು ಲೇಟಾಗಿ ತೋರಿಸಿದ್ರಿ" ಅಂದರು. ಹೆಸರು ಬರೆಯೋದಿಲ್ಲ, ಕೇಳಬೇಡಿ. ಟಾರ್ಚ್ ಹಾಕಿ ನೋಡಿದರು. "ಗುಗ್ಗೆ ಇದೆ ಸಾರ್, ಗಟ್ಟಿಯಾಗಿದೆ. ಡ್ರಾಪ್ಸ್ ಹಾಕಿ ನೆನೆಸಿ, ಮುಂದಿನ ವಾರ ತೆಗೀತೀನಿ." ಒಪ್ಪುವಂಥ ಮಾತೇ ಅಲ್ವಾ? ಗುಗ್ಗೆ ಇದ್ದದ್ದೂ ನಿಜ.

ಮುಂದಿನ ವಾರ ಪಿಚಕಾರಿಯಲ್ಲಿ ನೀರು ಬಿಟ್ಟು ತೆಗೆದರು. ಕಂದು ಬಣ್ಣದ ತುಂಡೊಂದನ್ನು ಸ್ಟೀಲ್ ಟ್ರೇಯಲ್ಲಿ ಹಿಡಿದು, "ನೋಡಿ, ಇದೇ ನಿಮ್ಮ ಕಾಯಿಲೆ" ಎಂದು ತೋರಿಸಿದರು. ನಾನು ಆ ಟ್ರೇ ಫೋಟೋ ತೆಗೆದು ಮನೆಯ ಗ್ರೂಪಿಗೆ ಬೇರೆ ಹಾಕಿದೆ. ಎಲ್ಲರೂ ನಗುವ ಮುಖ ಹಾಕಿದರು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾಕೆಂದರೆ ಕುರ್ಚಿಯಿಂದ ಏಳುವಾಗಲೂ ನನಗೆ ಏನೂ ಕೇಳಿಸುತ್ತಿರಲಿಲ್ಲ.

ಅಲ್ಲೇ ಹೇಳಿದೆ, "ಡಾಕ್ಟ್ರೇ, ಇನ್ನೂ ಹಂಗೇ ಇದೆ." ಉತ್ತರ: "ಒಳಗೆ ಪರದೆ ಹಿಂದೆ ನೀರು ಕಟ್ಟಿರಬಹುದು. ಮಳೆಗಾಲ ಅಲ್ವಾ, ಶೀತ." ನನಗೆ ಶೀತವೇ ಇಲ್ಲ ಎಂದೆ. "ಒಳಗೊಳಗೇ ಇರುತ್ತೆ" ಎಂದರು. ಮೂಗಿಗೆ ಸ್ಪ್ರೇ, ಶೀತದ ಮಾತ್ರೆ ಬರೆದರು. ಕೇಳುವ ಟೆಸ್ಟ್ ಮಾಡಿಸಬೇಕಾ ಎಂದು ನಾನೇ ಕೇಳಿದೆ. "ಪರದೆ ಚೆನ್ನಾಗೇ ಕಾಣ್ತಿದೆ, ಅದೆಲ್ಲ ಸುಮ್ನೆ ದುಡ್ಡು ದಂಡ." ಪರದೆ ಚೆನ್ನಾಗಿ ಕಾಣ್ತಿದೆ ಅಂತಲೂ ಅವರೇ, ಅದರ ಹಿಂದೆ ನೀರಿದೆ ಅಂತಲೂ ಅವರೇ.

ಆ ಸ್ಪ್ರೇ, ಮಾತ್ರೆಯಲ್ಲೇ ಎರಡು ವಾರ ದಾಟಿತು. ನಿಜ ಗೊತ್ತಾಗಿದ್ದು ಫೋನಲ್ಲಿ. ಅಕ್ಕನ ಮಗಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. "ಮಾವ, ಬಾಯಿ ಮುಚ್ಕೊಂಡು ಹ್ಮ್ಮ್ ಅಂತ ಗುನುಗಿ. ಸದ್ದು ಯಾವ ಕಡೆ ಜೋರು?" ಗುನುಗಿದೆ. ಎಡಗಡೆ. ಚೆನ್ನಾಗಿರೋ ಕಿವಿಯ ಕಡೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಳೆ ಅಲ್ಲ, ಇವತ್ತೇ ಇಎನ್‌ಟಿ ಹತ್ರ ಹೋಗಿ" ಎಂದಳು.

ಇದು ನೀವೂ ಈಗಲೇ ಮಾಡಿ ನೋಡಬಹುದು. ಒಂದು ಕಿವಿಗೆ ಬೆರಳು ಒತ್ತಿಟ್ಟು ಗುನುಗಿ. ಮುಚ್ಚಿದ ಕಿವಿಯಲ್ಲೇ ಸದ್ದು ಜೋರಾಗಿ ಕೇಳುತ್ತದೆ. ಗುಗ್ಗೆಯಾಗಲಿ ನೀರಾಗಲಿ ಮಾಡುವುದು ಈ ಬೆರಳಿನ ಕೆಲಸವನ್ನೇ. ಹೊರಗಿನ ಸದ್ದಿಗೆ ದಾರಿ ಮುಚ್ಚುತ್ತದೆ, ತಲೆಬುರುಡೆಯ ಮೂಲಕ ಬರುವ ಸದ್ದು ಆ ಕಿವಿಗೇ ಜಾಸ್ತಿ ತಲುಪುತ್ತದೆ. ಕೆಟ್ಟಿರುವುದು ಒಳಗಿವಿ ಅಥವಾ ನರವಾದರೆ ಉಲ್ಟಾ. ಸದ್ದು ಒಳ್ಳೆ ಕಿವಿಗೆ ಓಡುತ್ತದೆ. ಇದು ಅನುಮಾನ ಹುಟ್ಟಿಸುವ ಪರೀಕ್ಷೆ ಅಷ್ಟೇ, ಇದರಿಂದಲೇ ರೋಗ ತೀರ್ಮಾನ ಆಗೋದಿಲ್ಲ. ಆದರೆ ಇಷ್ಟೂ ಮಾಡದೆ ನನಗೆ ಶೀತದ ಮಾತ್ರೆ ಕೊಟ್ಟರಲ್ಲ!

ಮಧ್ಯಾಹ್ನಕ್ಕೆ ಹಾಸನದಲ್ಲಿದ್ದೆ. ಅಲ್ಲಿನ ಡಾಕ್ಟರ್ 512 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ತಟ್ಟಿ ಹಣೆಯ ಮಧ್ಯೆ ಇಟ್ಟರು. ಮತ್ತೆ ಎಡಕ್ಕೇ ಹೋಯಿತು. ಆಮೇಲೆ ಬಲಗಿವಿಯ ಹಿಂದಿನ ಎಲುಬಿನ ಮೇಲೆ, ನಂತರ ಕಿವಿಯ ಮುಂದೆ ಹಿಡಿದು ಎಲ್ಲಿ ಜೋರು ಎಂದು ಕೇಳಿದರು. ಕಷ್ಟಪಟ್ಟು ಕೇಳಿದರೂ ಮುಂದೆ ಹಿಡಿದಾಗಲೇ ಜೋರಿತ್ತು. ಗುಗ್ಗೆ, ನೀರು ಇದ್ದು ಇಷ್ಟು ಕಿವುಡಾಗಿದ್ದರೆ ಎಲುಬಿನ ಮೇಲೆ ಜಾಸ್ತಿ ಕೇಳಬೇಕಂತೆ. ಎಲ್ಲ ಸೇರಿ ಒಂದೆರಡು ನಿಮಿಷದ ಕೆಲಸ. ದುಡ್ಡು ದಂಡ ಏನೂ ಆಗಲಿಲ್ಲ.

ಕೂಡಲೇ ಆಡಿಯೋಗ್ರಾಮ್ ಅನ್ನೋ ಕೇಳುವ ಟೆಸ್ಟ್ ಮಾಡಿಸಿದರು. ಎಡಗಿವಿ 15 ಡೆಸಿಬಲ್, ಬಲಗಿವಿ 65. ಅಂಕಿ ಏರಿದಷ್ಟೂ ಕಿವುಡು ಜಾಸ್ತಿ ಅಂತ. ಗಾಳಿಯಲ್ಲಿ ಬರುವ ಸದ್ದಿನ ಗೆರೆ, ಎಲುಬಿನ ಮೂಲಕ ಬರುವ ಸದ್ದಿನ ಗೆರೆ ಎರಡೂ ಒಟ್ಟೊಟ್ಟಿಗೆ ಕೆಳಗಿಳಿದಿದ್ದವು. ದಾರಿಯಲ್ಲಿ ಅಡ್ಡ ಇದ್ದರೆ ಎಲುಬಿನ ಗೆರೆ ಮೇಲೇ ಉಳಿದು, ನಡುವೆ ಅಂತರ ಕಾಣಬೇಕು. ಪರದೆಯ ಒತ್ತಡ ನೋಡುವ ಟೆಸ್ಟಿನಲ್ಲಿ ಗೆರೆ ಗುಡ್ಡದ ಹಾಗೆ ಎದ್ದಿತ್ತು. ಹಿಂದೆ ನೀರು ತುಂಬಿದ್ದರೆ ಅದು ಮಟ್ಟಸವಾಗಿ ಮಲಗುತ್ತದೆ. ಅಂದರೆ ನೀರೂ ಇರಲಿಲ್ಲ. ಇದ್ದದ್ದು ದಿಢೀರ್ ನರದ ಕಿವುಡು. ಮೂರು ದಿನದೊಳಗೆ, ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ ಕೇಳುವ ಶಕ್ತಿ 30 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಹಾಗನ್ನುತ್ತಾರೆ. ಹೆಚ್ಚಿನವರಲ್ಲಿ ಕಾರಣವೇ ಸಿಗೋದಿಲ್ಲವಂತೆ. ಟಾರ್ಚಿನಲ್ಲಿ ಪರದೆ ಚೆನ್ನಾಗಿ ಕಾಣುವುದೇ ಇದರ ಮೋಸ.

ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು. ನನಗೆ ಬೆಳಿಗ್ಗೆ ತಿಂಡಿ ಆದ ಮೇಲೆ 60 ಮಿಲಿಗ್ರಾಂ, ಆಮೇಲೆ ನಿಧಾನವಾಗಿ ಇಳಿಸುತ್ತಾ ಬರುವುದು. ಮೊದಲು ಶುಗರ್, ಬಿಪಿ ನೋಡಿದರು, ಏಕೆಂದರೆ ಈ ಮಾತ್ರೆ ಶುಗರ್ ಏರಿಸುತ್ತದೆ. ನೀವಾಗಿ ಮೆಡಿಕಲ್ ಸ್ಟೋರಿನಲ್ಲಿ ತಗೊಂಡು ನುಂಗುವ ಮಾತ್ರೆ ಅಲ್ಲ. ಹಾಸನದ ಡಾಕ್ಟರ್ ಬಾಯಿ ಸಿಹಿ ಮಾಡಲಿಲ್ಲ. "ಕೆಲವರಿಗೆ ತಾನಾಗೇ ವಾಪಸ್ ಬರುತ್ತೆ, ಕೆಲವರಿಗೆ ಏನು ಕೊಟ್ರೂ ಬರಲ್ಲ. ಮೊದಲ ಎರಡು ವಾರದೊಳಗೆ ಶುರು ಮಾಡಿದ್ರೆ ಚಾನ್ಸ್ ಜಾಸ್ತಿ. ನಿಮ್ದು ಅದು ದಾಟಿದೆ" ಎಂದರು. ಆಮೇಲೆ ಪರದೆಯ ಮೂಲಕ ಕಿವಿಯೊಳಗೇ ಇಂಜೆಕ್ಷನ್ ಕೊಟ್ಟರು. ನರದ ಮೇಲೆ ಗಡ್ಡೆ ಇದೆಯಾ ಎಂದು ಎಂಆರ್‌ಐ ಮಾಡಿಸಿದರು, ಇರಲಿಲ್ಲ. ಕೊನೆಗೆ ಬಲಗಿವಿ 45ಕ್ಕೆ ಬಂದು ನಿಂತಿದೆ. ಗದ್ದಲದಲ್ಲಿ ಆ ಕಡೆಯಿಂದ ಯಾರಾದರೂ ಮಾತಾಡಿದರೆ ಈಗಲೂ "ಆಂ?" ಅನ್ನಬೇಕು. ಅಂಗಡಿಯಲ್ಲಿ ಗಿರಾಕಿ ಮುಂದೆ ಎಷ್ಟು ಸಲ ಅನ್ನೋದು?

ರಿಪೋರ್ಟ್ ಹಿಡಿದು ಹಳೇ ಕ್ಲಿನಿಕ್‌ಗೆ ಹೋದೆ. "ನೀವು ಬಂದಾಗ ಗುಗ್ಗೆ ಇತ್ತೋ ಇಲ್ವೋ?" ಎಂದರು. ಇತ್ತು. "ಅದನ್ನ ತೆಗೆದೆ ತಾನೇ?" ತೆಗೆದಿರಿ. "ಮತ್ತೆ?" ಇಷ್ಟೇ! ಎಷ್ಟೋ ಜನರ ಕಿವಿಯಲ್ಲಿ ಗುಗ್ಗೆ ಇರುತ್ತದೆ ಸ್ವಾಮಿ, ಅದು ಇದೆ ಅಂದ ಮಾತ್ರಕ್ಕೆ ಕಿವುಡಿಗೆ ಅದೇ ಕಾರಣ ಅಂತಲಾ? "ನರದ್ದಾದ್ರೆ ತಲೆ ಸುತ್ತಬೇಕಿತ್ತು" ಎಂದೂ ಸೇರಿಸಿದರು. ಹಾಸನದಲ್ಲಿ ಕೇಳಿದೆ. ತಲೆ ಸುತ್ತು ಕೆಲವರಿಗೆ ಬರುತ್ತದೆ, ತುಂಬ ಜನರಿಗೆ ಬರೋದೇ ಇಲ್ಲ.

ಕಿವಿ ಕಟ್ಟಿದ್ದು ಗುಗ್ಗೆಯಿಂದಲೇ ಆಗಿದ್ದರೆ ತೆಗೆದ ಕೂಡಲೇ ಕೇಳಿಸಬೇಕು, ಅಲ್ಲೇ, ಆ ಕುರ್ಚಿಯಲ್ಲೇ. ಕೇಳಿಸಲಿಲ್ಲವಾದರೆ ಅವತ್ತೇ ಟ್ಯೂನಿಂಗ್ ಫೋರ್ಕ್ ಇಡಿ, ಆಡಿಯೋಗ್ರಾಮ್‌ಗೆ ಬರೆದು ಕೊಡಿ ಅನ್ನಿ. ಬೈದರೆ ಬೈಯಲಿ. ಜೊತೆಗೆ ತಲೆ ಸುತ್ತು ಬಂದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ ಕ್ಲಿನಿಕ್ ಹುಡುಕಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ. ಬಿಸಿ ಬೆಳ್ಳುಳ್ಳಿ ಎಣ್ಣೆ ಬಿಡೋ ಪಕ್ಕದ ಮನೆ ಅಜ್ಜಿಗೂ ಒಂದು ನಮಸ್ಕಾರ ಹಾಕಿ ದೂರ ಇರಿ.

ಮತ್ತೆ, ಏನು ದೂರು ಹೇಳಿದಿರೋ ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವತ್ತಿಂದ, ಯಾವ ಕಿವಿ, ಎಲ್ಲ. ನನ್ನ ಚೀಟಿಯಲ್ಲಿ ತಾರೀಖೂ ಸರಿಯಾಗಿಲ್ಲ. "ಕಿವಿ ಕ್ಲೀನ್ ಮಾಡಲಾಗಿದೆ" ಎಂದಿದೆ. ಕೇಳಿಸುತ್ತಿಲ್ಲ ಎಂದು ನಾನು ಹೇಳಿದ್ದು ಎಲ್ಲೂ ಇಲ್ಲ.