ಇಂಡೆಕ್ಸ್ ಫಂಡ್, ಆಕ್ಟಿವ್ ಫಂಡ್: ನನ್ನ 15 ವರ್ಷದ ಲೆಕ್ಕ

ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. 2010ರ ಏಪ್ರಿಲ್‌ನಲ್ಲಿ ಕಾಫಿ ದುಡ್ಡು ಕೈಗೆ ಬಂದಾಗ ಎರಡು ಎಸ್‌ಐಪಿ ಶುರು ಮಾಡಿದೆ. ತಿಂಗಳಿಗೆ 5,000 ರೂಪಾಯಿ ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ, ಅಂದರೆ ನಿಫ್ಟಿ ಪಟ್ಟಿಯ 50 ದೊಡ್ಡ ಕಂಪನಿಗಳನ್ನು ಹಾಗೆಯೇ ಕೊಳ್ಳುವ ಫಂಡ್‌ಗೆ. ಇನ್ನೊಂದು 5,000 ಆಕ್ಟಿವ್ ಲಾರ್ಜ್ ಕ್ಯಾಪ್ ಫಂಡ್‌ಗೆ, ಅಂದರೆ ದೊಡ್ಡ ಕಂಪನಿಗಳಲ್ಲಿ ಯಾವ ಷೇರು ಬೇಕು ಎಂದು ಮ್ಯಾನೇಜರ್ ಆರಿಸುವ ಫಂಡ್‌ಗೆ. 2025ರ ಮಾರ್ಚ್‌ಗೆ 180 ಕಂತು ಮುಗಿದವು. ಒಂದೊಂದಕ್ಕೂ ಹಾಕಿದ್ದು 9 ಲಕ್ಷ. ಇಂಡೆಕ್ಸ್ ಸುಮಾರು 26.5 ಲಕ್ಷ ಆಗಿತ್ತು, ಆಕ್ಟಿವ್ 24 ಲಕ್ಷ.

ಮ್ಯಾನೇಜರ್ ಸೋತರು ಎಂದು ಅಲ್ಲಿಗೇ ಹೇಳಿಬಿಡಬಹುದಿತ್ತು. ಆದರೆ ಆ ಲೆಕ್ಕ ನ್ಯಾಯದ್ದಲ್ಲ. 2013ರ ಜನವರಿಯಲ್ಲಿ ಏಜೆಂಟ್ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಬಂದಾಗ ಇಂಡೆಕ್ಸ್ ಫಂಡನ್ನು ನಾನೇ ಅದಕ್ಕೆ ಬದಲಾಯಿಸಿಕೊಂಡಿದ್ದೆ. ಆಕ್ಟಿವ್ ಫಂಡ್ ಮಾತ್ರ ಏಜೆಂಟ್ ಮೂಲಕ ರೆಗ್ಯುಲರ್ ಪ್ಲಾನ್‌ನಲ್ಲೇ ಉಳಿದಿತ್ತು. ಅದರ ಕಮಿಷನ್ ಬಿಲ್ ಆಗಿ ಬರುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಎನ್‌ಎವಿಯಿಂದಲೇ, ಅಂದರೆ ಒಂದು ಯೂನಿಟ್‌ನ ಆ ದಿನದ ಬೆಲೆಯಿಂದಲೇ, ಕಡಿತವಾಗುತ್ತದೆ. ಅದಕ್ಕೇ ಇಷ್ಟು ವರ್ಷ ಗಮನಕ್ಕೆ ಬರಲಿಲ್ಲ. 2013ರಿಂದ ಈಚೆಗೆ ಅದೇ ಫಂಡಿನ ಡೈರೆಕ್ಟ್ ಎನ್‌ಎವಿ ಹಾಕಿ ಕಂತು ಕಂತಾಗಿ ಮತ್ತೆ ಲೆಕ್ಕ ಮಾಡಿದೆ. 25.5 ಲಕ್ಷ ಬಂತು. ಎರಡೂವರೆ ಲಕ್ಷದ ವ್ಯತ್ಯಾಸದಲ್ಲಿ ಒಂದೂವರೆ ಲಕ್ಷ ಬರೀ ಕಮಿಷನ್! ಮ್ಯಾನೇಜರ್ ಲೆಕ್ಕಕ್ಕೆ ಹೋಗುವುದು ಉಳಿದ ಒಂದು ಲಕ್ಷ ಮಾತ್ರ.

ಆ ಒಂದು ಲಕ್ಷಕ್ಕೂ ಒಂದು ಕಥೆ ಇದೆ. 2017ರ ತನಕ ಆಕ್ಟಿವ್ ಫಂಡೇ ಮುಂದಿತ್ತು, ಆಮೇಲೆ ಹಿಂದೆ ಬಿತ್ತು. ಹಳೆಯ ಪೋರ್ಟ್‌ಫೋಲಿಯೋ ತೆಗೆದು ನೋಡಿದಾಗ ಕಾರಣ ಸಿಕ್ಕಿತು. ಹೆಸರು ಲಾರ್ಜ್ ಕ್ಯಾಪ್ ಅಂತಿದ್ದರೂ ಆಗ ಅದರಲ್ಲಿ ಮಧ್ಯಮ ಗಾತ್ರದ ಕಂಪನಿಗಳೂ ಸಾಕಷ್ಟಿದ್ದವು. ಅವು ಏರಿದಾಗ ಫಂಡೂ ಏರಿತು. ನಾನು ಅದನ್ನು ಮ್ಯಾನೇಜರ್ ಜಾಣತನ ಎಂದುಕೊಂಡಿದ್ದೆ. 2018ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯ ಹೊಸ ನಿಯಮ ಜಾರಿಗೆ ಬಂತು. ಲಾರ್ಜ್ ಕ್ಯಾಪ್ ಫಂಡ್ ಕನಿಷ್ಠ ಶೇ 80ರಷ್ಟು ಹಣವನ್ನು ದೇಶದ ಮೊದಲ 100 ದೊಡ್ಡ ಕಂಪನಿಗಳಲ್ಲೇ ಇಡಬೇಕು. ಅದೇ ವರ್ಷದಿಂದ ಹೋಲಿಕೆಯನ್ನೂ ಡಿವಿಡೆಂಡ್ ಸೇರಿದ ಸೂಚ್ಯಂಕದ ಜೊತೆಗೇ ಮಾಡಬೇಕಾಯಿತು. ಅದಕ್ಕೂ ಮುಂಚೆ ಡಿವಿಡೆಂಡ್ ಬಿಟ್ಟ ಸೂಚ್ಯಂಕದ ಎದುರು ಫಂಡ್‌ಗಳು ಸುಮ್ನೆ ಗೆದ್ದಂತೆ ಕಾಣುತ್ತಿದ್ದವು.

ಆ 100 ಕಂಪನಿಗಳ ಬಗ್ಗೆ ಗೊತ್ತಿಲ್ಲದ್ದು ಏನು ಉಳಿದಿರುತ್ತದೆ? ಪ್ರತಿಯೊಂದನ್ನೂ ಹತ್ತಾರು ಜನ ವಿಶ್ಲೇಷಕರು ದಿನಾ ಜಾಲಾಡುತ್ತಾರೆ. ಖರ್ಚು ವರ್ಷಕ್ಕೆ ಶೇ 1ರಷ್ಟು ಜಾಸ್ತಿ ಇದ್ದರೆ, ಮ್ಯಾನೇಜರ್ ಪ್ರತಿ ವರ್ಷ ಅಷ್ಟು ಹೆಚ್ಚು ಗಳಿಸಿದರೂ ನಮಗೆ ಸಿಗುವುದು ಇಂಡೆಕ್ಸ್ ಸಮ ಮಾತ್ರ.

ಹಾಗಂತ ಆಕ್ಟಿವ್ ಪೂರ್ತಿ ದಂಡ ಅಲ್ಲ. ನಮ್ಮ ರೋಬಸ್ಟಾವನ್ನು ಹೆಚ್ಚಾಗಿ ಒಂದೇ ಸಲಕ್ಕೆ ಕುಯ್ದು ಮುಗಿಸುತ್ತೇವೆ, ಅಲ್ಲಿ ಆರಿಸಲು ಕೂಲಿ ಕೊಟ್ಟರೆ ನಷ್ಟ. ಅರೇಬಿಕಾ ಹಾಗಲ್ಲ. ಹಣ್ಣಾದದ್ದನ್ನೇ ಆರಿಸಿ ಎರಡು ಮೂರು ಸುತ್ತು ಕುಯ್ಯಬೇಕು, ಆ ಕೂಲಿ ದಕ್ಕುತ್ತದೆ. ಸ್ಮಾಲ್ ಕ್ಯಾಪ್ ನನಗೆ ಅರೇಬಿಕಾ ಥರ. ಮಾರುಕಟ್ಟೆ ಮೌಲ್ಯದಲ್ಲಿ 251ನೇ ಸ್ಥಾನದಿಂದ ಕೆಳಗಿನ ಕಂಪನಿಗಳು ಅವು. ಎಷ್ಟೋ ಕಂಪನಿಗಳನ್ನು ಯಾರೂ ಸರಿಯಾಗಿ ಓದಿರುವುದಿಲ್ಲ. ಮಾಲೀಕರು ಷೇರು ಅಡವಿಟ್ಟಿದ್ದಾರಾ, ತೋರಿಸಿದ ಲಾಭ ನಗದಾಗಿ ಬಂದಿದೆಯಾ ಎಂದು ಹೋಗಿ ಕೇಳುವವರು ಬೇಕು. ಇಂಡೆಕ್ಸ್ ಅದನ್ನು ಕೇಳುವುದಿಲ್ಲ, ಪಟ್ಟಿಯಲ್ಲಿದ್ದರೆ ಕೊಳ್ಳುತ್ತದೆ.

2020ರ ಏಪ್ರಿಲ್‌ನಿಂದ ಅದನ್ನೂ ಪರೀಕ್ಷಿಸಿದೆ. ಸ್ಮಾಲ್ ಕ್ಯಾಪ್ 250 ಇಂಡೆಕ್ಸ್ ಮತ್ತು ಒಂದು ಆಕ್ಟಿವ್ ಸ್ಮಾಲ್ ಕ್ಯಾಪ್, ತಲಾ 2,000 ರೂಪಾಯಿ, ಈ ಸಲ ಎರಡೂ ಡೈರೆಕ್ಟ್. ಐದು ವರ್ಷಕ್ಕೆ ಇಂಡೆಕ್ಸ್ 2.07 ಲಕ್ಷ, ಆಕ್ಟಿವ್ 2.19 ಲಕ್ಷ. ಎಲ್ಲ ಖರ್ಚು ಕಳೆದ ಮೇಲೂ 12,000 ಜಾಸ್ತಿ. ಐದು ವರ್ಷ ಕಡಿಮೆಯೇ, ಅದೂ ಕೊರೊನಾ ಕುಸಿತದ ತಳದಿಂದ ಶುರುವಾದ ಲೆಕ್ಕ. ಆದ್ದರಿಂದ ಎರಡು ವಿಷಯದ ಮೇಲೆ ಕಣ್ಣಿಟ್ಟಿದ್ದೇನೆ. ಮ್ಯಾನೇಜರ್ ಬದಲಾದರೆ ಹಳೆಯ ಸಾಧನೆಗೆ ಬೆಲೆ ಇಲ್ಲ. ಫಂಡಿಗೆ ಹಣ ಬಂದು ತುಂಬಿಕೊಂಡರೂ ಕಷ್ಟ. ಸಣ್ಣ ಕಂಪನಿಯ ಷೇರನ್ನು ದೊಡ್ಡ ಮೊತ್ತಕ್ಕೆ ಕೊಳ್ಳಹೋದರೆ ಅವರ ಖರೀದಿಯೇ ಬೆಲೆ ಏರಿಸುತ್ತದೆ, ಮಾರುವಾಗ ಅವರೇ ಇಳಿಸಬೇಕಾಗುತ್ತದೆ. ಕೊನೆಗೆ ಅವರು ದೊಡ್ಡ ಕಂಪನಿಗಳ ಕಡೆಗೆ ಸರಿಯುತ್ತಾರೆ. ತಿಂಗಳ ಪೋರ್ಟ್‌ಫೋಲಿಯೋದಲ್ಲಿ ಅದು ಕಾಣುತ್ತದೆ.

ಲಾರ್ಜ್ ಕ್ಯಾಪ್ ಆಕ್ಟಿವ್ ಎಸ್‌ಐಪಿ ನಿಲ್ಲಿಸಿದ್ದೇನೆ. ಆ 24 ಲಕ್ಷವನ್ನು ಒಂದೇ ಸಲ ತೆಗೆದರೆ ಲಾಭದ ಮೇಲೆ ಶೇ 12.5 ತೆರಿಗೆ ಬೀಳುತ್ತದೆ. ವರ್ಷಕ್ಕೆ 1.25 ಲಕ್ಷ ಲಾಭದವರೆಗೆ ತೆರಿಗೆ ಇಲ್ಲ, ಹಾಗಾಗಿ ಪ್ರತಿ ಮಾರ್ಚ್‌ನಲ್ಲಿ ಅಷ್ಟು ಲಾಭ ಬರುವಷ್ಟೇ ಮಾರಿ ನಿಫ್ಟಿ ಫಂಡ್‌ಗೆ ಹಾಕುತ್ತಿದ್ದೇನೆ.