ಮೂರು ವರ್ಷ ಊಟ ತಲುಪಿಸಿ ಬಿಟ್ಟೆ: ಬಾಕಿ ಹಣ ಕೇಳಿದ ಬಗೆ

ಪುಣೆಯ ಕಾತ್ರಜ್‌ನಲ್ಲಿದ್ದುಕೊಂಡು ಊಟ ತಲುಪಿಸುವ ಆ್ಯಪ್ ಒಂದಕ್ಕೆ ಮೂರು ವರ್ಷ ದುಡಿದು, ಹೋದ ತಿಂಗಳು ಬಿಟ್ಟೆ. ಕೆಲಸಕ್ಕೆ ಸೇರಲು ಒಂದು ದಿನ ಸಾಕಾಗಿತ್ತು. ಬಿಡಲು ಮೂರು ವಾರ ಬೇಕಾಯಿತು.

ವಾರದ ದುಡ್ಡು ತಪ್ಪದೆ ಖಾತೆಗೆ ಬರುತ್ತಿತ್ತು, ಅದನ್ನು ಮೆಚ್ಚಲೇಬೇಕು. ತೊಡಕಿದ್ದುದು ಗ್ರಾಹಕರು ಕೈಗೆ ಕೊಡುವ ನಗದಿನಲ್ಲಿ. ಆ ಹಣ ಕಂಪನಿಯದು. ನಾವು ಯುಪಿಐ ಮೂಲಕ ಕಟ್ಟಬೇಕು, ಕಟ್ಟದಿದ್ದರೆ ವಾರದ ಗಳಿಕೆಯಲ್ಲಿ ಮುರಿದುಕೊಳ್ಳುತ್ತಾರೆ. ಕೊನೆಯ ವಾರ ನನ್ನ ಗಳಿಕೆ 5,240 ರೂಪಾಯಿ, ಕೈಯಲ್ಲಿದ್ದ ನಗದು 1,860. ಶನಿವಾರ ರಾತ್ರಿಯೇ ಅಷ್ಟನ್ನೂ ಕಟ್ಟಿದೆ. ಆದರೂ ಲೆಕ್ಕದಲ್ಲಿ 3,380 ಮಾತ್ರ ತೋರಿಸಿತು. ಕಟ್ಟಿದ ಹಣ ಅವರ ಪುಸ್ತಕಕ್ಕೆ ಏರಿರಲಿಲ್ಲ, ಹಾಗಾಗಿ ಅದೇ ನಗದನ್ನು ನನ್ನಿಂದ ಎರಡು ಸಲ ಪಡೆದಂತಾಗಿತ್ತು.

ನಮ್ಮ ವಿಜಯಪುರದ ಕಡೆಯ ಗೆಳೆಯನೊಬ್ಬ ಇಂಥ ಹೊತ್ತಿನಲ್ಲಿ ಸಿಟ್ಟಿನಿಂದ ಮೊದಲು ಖಾತೆಯನ್ನೇ ಮುಚ್ಚಿಸಿದ್ದ. ಲಾಗಿನ್ ಹೋಯಿತು, ಅದರೊಂದಿಗೆ ಹಳೆಯ ವಾರಗಳ ಲೆಕ್ಕವೂ ಹೋಯಿತು. "ಅಣ್ಣಾ, ಇನ್ನು ಏನು ತೋರಿಸಿ ಕೇಳಲಿ?" ಎಂದು ಅವನು ಕೇಳಿದ ದಿನ ನನಗೆ ನಿಜವಾಗಿ ನೋವಾಯಿತು. ಅದಕ್ಕೇ ನಾನು ಮೊದಲು ವಾರವಾರದ ಲೆಕ್ಕ, ನಗದಿನ ಪುಟ, ಬ್ಯಾಗಿನ ಠೇವಣಿಯ ರಸೀದಿ ಎಲ್ಲವನ್ನೂ ಇಳಿಸಿಕೊಂಡೆ. ಬ್ಯಾಂಕ್ ವಿವರದಿಂದ ಆ ಪಾವತಿಯನ್ನು ಗುರುತಿಸುವ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಂಡೆ. ಗಳಿಕೆಯಲ್ಲಿ ತೆರಿಗೆಯೆಂದು ಕಡಿತವಾದ ಟಿಡಿಎಸ್ ವಿಷಯದಲ್ಲಿ ಮಾತ್ರ ಈ ಆತಂಕ ಬೇಡ. ಅವರು ಅದನ್ನು ಸರಿಯಾಗಿ ಜಮೆ ಮಾಡಿದ್ದರೆ, ಪಾನ್ ಸಂಖ್ಯೆಯಡಿ ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮೆಯ ಪಟ್ಟಿಯಲ್ಲಿ ಕಾಣುತ್ತದೆ.

ಆಮೇಲೆ ಬರೆದ ಪತ್ರದ ತಿರುಳು ಇದು:

"ಈ ತಿಂಗಳ 14ರಿಂದ ನಾನು ಆರ್ಡರ್ ತೆಗೆದುಕೊಳ್ಳುವುದಿಲ್ಲ. ಕೊನೆಯ ವಾರದ ಗಳಿಕೆ 5,240 ರೂಪಾಯಿ. ಅದರಲ್ಲಿ ಮುರಿದ 1,860 ರೂಪಾಯಿಯನ್ನು ಶನಿವಾರವೇ ಕಟ್ಟಿದ್ದೇನೆ, ಯುಟಿಆರ್ ಸಂಖ್ಯೆ ಮತ್ತು ಬ್ಯಾಂಕ್ ವಿವರ ಲಗತ್ತಿಸಿದ್ದೇನೆ. ಪೂರ್ತಿ ಗಳಿಕೆಯನ್ನೂ, ಬ್ಯಾಗ್ ಹಿಂದಿರುಗಿಸಿದ ಮೇಲೆ ಬರಬೇಕಾದ ಠೇವಣಿಯನ್ನೂ ನನ್ನ ನೋಂದಾಯಿತ ಖಾತೆಗೆ ಹಾಕಿರಿ. ಹಣ ಜಮೆಯಾದ ನಂತರವೇ ನನ್ನ ಐಡಿಯನ್ನು ಮುಚ್ಚಿ, ಮುಚ್ಚಿದ್ದನ್ನು ಇಮೇಲ್‌ನಲ್ಲಿ ತಿಳಿಸಿರಿ. ಕಾನೂನಿನ ಪ್ರಕಾರ ಉಳಿಸಿಕೊಳ್ಳಲೇಬೇಕಾದ ದಾಖಲೆಗಳನ್ನು ಬಿಟ್ಟು, ನನ್ನ ಆಧಾರ್ ಮತ್ತು ಫೋಟೋ ಅಳಿಸಿರಿ."

ಆ್ಯಪ್‌ನ ಚಾಟ್‌ನಲ್ಲಿ ಎರಡು ಸಲ ಸಿದ್ಧ ಉತ್ತರ ಬಂದು ದೂರು ತಾನಾಗಿ ಮುಚ್ಚಿಹೋಯಿತು. ಇದೇ ಪತ್ರವನ್ನು ಕುಂದುಕೊರತೆ ಅಧಿಕಾರಿಯ ಇಮೇಲ್‌ಗೆ ಕಳುಹಿಸಿದ ಮೇಲೆ ಮನುಷ್ಯರೊಬ್ಬರು ಫೋನ್ ಮಾಡಿ ಯುಟಿಆರ್ ಸಂಖ್ಯೆಯನ್ನು ಓದಿಸಿಕೊಂಡರು. ನಾಲ್ಕು ದಿನಕ್ಕೆ 5,240 ರೂಪಾಯಿ ಬಂತು. ಬ್ಯಾಗ್ ಒಪ್ಪಿಸಿದಾಗ ಸಹಿ ಮಾಡಿಸಿಕೊಂಡ ಚೀಟಿಯ ಫೋಟೋ ಕಳುಹಿಸಿದ ಮೇಲೆ ಠೇವಣಿಯೂ ಬಂತು. ಐಡಿ ಮುಚ್ಚಿದ ಇಮೇಲ್ ಮೊನ್ನೆ ತಲುಪಿತು.

ಗಳಿಕೆಗೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಬಿಡುವವರನ್ನು ನಡೆಸಿಕೊಳ್ಳುವ ರೀತಿಗೆ ಒಂದೇ.